ಡ್ಯಾಂ ನೀರಿನ ಅಂದಾಜು ಗೆರೆ: ಸುತ್ತ ಪಟ್ಟಿ ಹಾಕುವುದು ಹೇಗೆ

ಪ್ರಶ್ನೆ: "ತುಂಗಭದ್ರಾ ಡ್ಯಾಂನಲ್ಲಿ ಮುಂದಿನ ನಾಲ್ಕು ವಾರ ಎಷ್ಟು ನೀರು ಇರಬಹುದು ಅಂತ ಎಕ್ಸೆಲ್‌ನಲ್ಲಿ ಗೆರೆ ಎಳೆದು ಗುಂಪಿಗೆ ಹಾಕಿದೆ. ಸಿಂಧನೂರು ಕಡೆಯವರು ಅದನ್ನೇ ಖಾತ್ರಿ ಅಂತ ತಿಳಿದು ಸಸಿ ಮಡಿಗೆ ಬೀಜ ನೆನೆಹಾಕ್ಯಾರ. ಸುತ್ತ ಬಣ್ಣದ ಪಟ್ಟಿ ಹಾಕೋದು ಹೆಂಗ್ರಿ?"

ಗೆರೆಯ ಮೇಲೆ ಕೆಳಗೆ ಶೇ. 10 ಹಾಕಿಬಿಡಿ ಎನ್ನುತ್ತಾರೆ ನಮ್ಮ ಗುಂಪಿನ ಬಸವರಾಜಣ್ಣ. ಹಾಗೆ ಹಾಕಿದರೆ ಪಟ್ಟಿಯೇನೋ ಬರುತ್ತದೆ. ಪಟ್ಟಿ ಬೇಕೆಂದ ಅವರ ಮಾತು ಸರಿ, ಅಳತೆ ಸರಿಯಲ್ಲ. ನಾಳೆಯ ನೀರು ಹೆಚ್ಚುಕಡಿಮೆ ಗೊತ್ತೇ ಇರುತ್ತದೆ, ನಾಲ್ಕನೇ ವಾರದ್ದು ಗೊತ್ತಿರುವುದಿಲ್ಲ. ಎರಡಕ್ಕೂ ಒಂದೇ ಅಗಲ ಕೊಡುವುದು ಹೇಗೆ? ಅಗಲವನ್ನು ಹಳೆಯ ವರ್ಷಗಳಿಂದಲೇ ತೆಗೆಯಬೇಕು.

ಹಿಂದಿನ 15 ವರ್ಷಗಳ ಒಳಹರಿವನ್ನು ಇದೇ ತಾರೀಕಿನಿಂದ ತೆಗೆದುಕೊಳ್ಳಿ. ಡ್ಯಾಂನ ಸಂಗ್ರಹ ಎಷ್ಟು ಏರಿತು ಎಂಬುದನ್ನು ಹಿಡಿಯಬೇಡಿ. ಆಗಲೇ ತುಂಬಿದ್ದ ವರ್ಷ ಎಷ್ಟೇ ನೀರು ಬಂದರೂ ಸಂಗ್ರಹ ಏರುವುದಿಲ್ಲ, ಬಂದದ್ದು ನದಿಗೆ ಹೋಗಿರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಸಂಗ್ರಹ ಇಳಿಯಿತು. ಅದನ್ನು ಲೆಕ್ಕಕ್ಕೆ ಹಿಡಿದರೆ ಒಳ್ಳೆ ಮಳೆಯ ವರ್ಷವೂ ಬರಗಾಲದಂತೆ ಕಾಣುತ್ತದೆ. ಒಳಹರಿವು ಹಿಡಿದರೆ ಈ ತೊಂದರೆ ಇಲ್ಲ.

11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಅದರಂತೆ ಬದಲಿಸಿ, ಇವತ್ತಿನಿಂದ ಆಯಾ ವಾರದ ಕೊನೆವರೆಗಿನ ಒಟ್ಟು ಮೊತ್ತವನ್ನು B ಇಂದ P ವರೆಗೆ ವರ್ಷಕ್ಕೊಂದು ಕಾಲಂನಲ್ಲಿ ಹಾಕಿ. Q ಕಾಲಂನಲ್ಲಿ ಅಷ್ಟು ದಿನದಲ್ಲಿ ಕಾಲುವೆಗಳಿಗೆ ಬಿಡುವ ಒಟ್ಟು ನೀರು. A1ರಲ್ಲಿ ಇವತ್ತಿನ ಸಂಗ್ರಹ. ವಾರಕ್ಕೊಂದು ಸಾಲು. R ಕೆಳಅಂಚು, S ನಡುಗೆರೆ, T ಮೇಲಂಚು, U ಪಟ್ಟಿಯ ಅಗಲ. 5ನೇ ಸಾಲಿನ ಸೂತ್ರ ಹೀಗೆ, ಉಳಿದ ವಾರಗಳ ಸಾಲಿಗೂ ಇದನ್ನೇ ನಕಲು ಮಾಡಿ.

```
R5: =MIN(105.788,$A$1+SMALL(B5:P5,2)-Q5)
S5: =MIN(105.788,$A$1+MEDIAN(B5:P5)-Q5)
T5: =MIN(105.788,$A$1+LARGE(B5:P5,2)-Q5)
U5: =T5-R5
```

105.788 ಟಿಎಂಸಿ ಈಗಿನ ಪೂರ್ಣ ಸಾಮರ್ಥ್ಯ. ಗೇಟಿನ ಸಲುವಾಗಿ ಕಡಿಮೆ ನಿಲ್ಲಿಸುವ ವರ್ಷ ಆ ಮಿತಿಯನ್ನೇ ಹಾಕಿ. ತೀರಾ ಕಡಿಮೆಯ ಒಂದು ವರ್ಷ, ತೀರಾ ಹೆಚ್ಚಿನ ಒಂದು ವರ್ಷ ಹೊರಗುಳಿದು 15ರಲ್ಲಿ 13 ವರ್ಷ ಪಟ್ಟಿಯೊಳಗೆ ಬರುತ್ತವೆ.

ತಿಳಿಯಲೆಂದು ಬರೀ ಲೆಕ್ಕದ ಅಂಕಿ ಹಿಡಿಯೋಣ. ಇವತ್ತು 60 ಟಿಎಂಸಿ ಇದೆ, ಕಾಲುವೆಗಳಿಗೆಲ್ಲ ಸೇರಿ ದಿನವಿಡೀ 10,000 ಕ್ಯೂಸೆಕ್. 28 ದಿನಕ್ಕೆ ಅದು ಸುಮಾರು 24 ಟಿಎಂಸಿ. ನಾಲ್ಕು ವಾರದ ಒಳಹರಿವು ಕೆಳಗಿನಿಂದ ಎರಡನೇ ವರ್ಷ 30, ನಡುವಿನ ವರ್ಷ 62, ಮೇಲಿನಿಂದ ಎರಡನೇ ವರ್ಷ 110 ಎನ್ನಿ. ಆಗ ಕೆಳಅಂಚು 66, ನಡುಗೆರೆ 98. ಮೇಲಂಚು 146 ಆಗಬೇಕಿತ್ತು, ಡ್ಯಾಂ ಹಿಡಿಯುವುದಿಲ್ಲ, 105.788ಕ್ಕೇ ನಿಲ್ಲುತ್ತದೆ. ನಡುಗೆರೆಯಿಂದ ಮೇಲಕ್ಕೆ 8 ಕೂಡ ಇಲ್ಲ, ಕೆಳಕ್ಕೆ 32. ಒಂಟಿ ಗೆರೆ ಮುಚ್ಚಿಟ್ಟದ್ದು ಈ 32ನ್ನು.

ವಾರವಾರಕ್ಕೆ ಬೇರೆ ಬೇರೆ ಕನಿಷ್ಠ ತೆಗೆದು ಕೂಡಿಸಬೇಡಿ. ಒಂದು ವರ್ಷದ ಕೆಟ್ಟ ವಾರಕ್ಕೆ ಇನ್ನೊಂದು ವರ್ಷದ ಕೆಟ್ಟ ವಾರ ಸೇರಿ, ಎಂದೂ ಬರದಂಥ ಬರಗಾಲ ಪಟದಲ್ಲಿ ಬರುತ್ತದೆ.

ಇನ್ನು ಚಾರ್ಟು. R ಮತ್ತು U ಎರಡಕ್ಕೂ Stacked Area ಕೊಡಿ, R ಗೆ No fill, U ಗೆ ತಿಳಿನೀಲಿ. S ಗೆ Line, ತುಂಡುತುಂಡಾಗಿ. ಇವತ್ತಿನವರೆಗಿನ ನಿಜವಾದ ಸಂಗ್ರಹ ಗಟ್ಟಿ ಗೆರೆಯಲ್ಲಿರಲಿ. U ಬದಲು T ಹಾಕಿದರೆ ಪಟ್ಟಿ 170ರ ತನಕ ಏರುತ್ತದೆ. ಡ್ಯಾಂಗಿಂತ ಎತ್ತರದ ಪಟ್ಟಿ ಕಂಡರೆ ತಪ್ಪು ಇಲ್ಲೇ ಇದೆ. 0ನೇ ವಾರಕ್ಕೂ ಒಂದು ಸಾಲಿರಲಿ, ಒಳಹರಿವೂ Q ಕೂಡ ಸೊನ್ನೆ. ಪಟ್ಟಿ ಇವತ್ತಿನ ಚುಕ್ಕೆಯಿಂದಲೇ ಬಿಚ್ಚಿಕೊಳ್ಳುತ್ತದೆ. ಪಟ್ಟಿಯ ಅಂಚಿಗೆ ದಪ್ಪ ಗೆರೆ ಬೇಡ. ಗೆರೆ ಕಂಡರೆ ಜನ ಅದನ್ನೇ ಗೋಡೆ ಎಂದುಕೊಳ್ಳುತ್ತಾರೆ, 2 ವರ್ಷ ಹೊರಗೂ ಹೋಗಿದ್ದವು.

ಪಟ ವಾಟ್ಸಾಪ್‌ನಲ್ಲಿ ಮುಂದಕ್ಕೆ ಹೋಗುವಾಗ ನೀವು ಕೆಳಗೆ ಬರೆದದ್ದು ಕಳಚಿಹೋಗುತ್ತದೆ. ಅದಕ್ಕೇ ತಾರೀಕನ್ನೂ "15ರಲ್ಲಿ 13 ವರ್ಷ ಇದರೊಳಗೆ, ನಾಲ್ಕನೇ ವಾರ 66ರಿಂದ 105" ಎಂಬಂಥ ಸಾಲನ್ನೂ, ನಿಮ್ಮ ಲೆಕ್ಕದ ಅಂಕಿ ಹಾಕಿ, ಪಟದೊಳಗೇ ದಪ್ಪ ಅಕ್ಷರದಲ್ಲಿ ಹಾಕಿ.

ನಡುಗೆರೆ ಇರಬೇಕೋ ಬೇಡವೋ ಎಂಬುದರಲ್ಲಿ ನನಗೂ ಬಸವರಾಜಣ್ಣನಿಗೂ ಒಮ್ಮತವಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 1996ರಲ್ಲಿ ಹಣದುಬ್ಬರಕ್ಕೆ ಇಂಥ ಪಟ್ಟಿ ಹಾಕಲು ಶುರುಮಾಡಿದಾಗ ನಡುಗೆರೆಯನ್ನೇ ಬಿಟ್ಟಿತ್ತು. ನನ್ನ ಒಲವೂ ಅತ್ತಲೇ. "ಒಂದ್ ಅಂಕಿ ಹೇಳ್ರಿ ಅಂತ ರೈತ ಕೇಳೇ ಕೇಳ್ತಾನ" ಅನ್ನುವ ಅಣ್ಣನ ಮಾತೂ ತೆಗೆದುಹಾಕುವಂಥದ್ದಲ್ಲ. ಎರಡು ಪಟ ಮಾಡಿ ನಾಲ್ಕು ಜನಕ್ಕೆ ತೋರಿಸಿ, "ಎಷ್ಟು ನೀರು ಬರ್ತೈತಿ?" ಅಂತ ಕೇಳಿ ನೋಡಿ.

ರಾಯಚೂರು ಹತ್ತಿ ದರಕ್ಕೂ ಇಂಥ ಪಟ್ಟಿ ಹಾಕಬಹುದೇ ಎಂದು ಗುಂಪಿನ ಮಲ್ಲಮ್ಮಕ್ಕ ಕೇಳಿದ್ದಾರೆ. ಮಲ್ಲಮ್ಮಕ್ಕ, ಅದಕ್ಕೆ ಈ ಲೆಕ್ಕ ನೇರ ಹೊಂದುವುದಿಲ್ಲ. ಮಳೆಗಾಲದಂತೆ ದರ ತಾರೀಕಿಗೆ ಕಟ್ಟುಬಿದ್ದಿಲ್ಲ. ಅಲ್ಲಿ ನಿಮ್ಮ ಹಳೆಯ ಅಂದಾಜು ಪ್ರತಿ ಸಲ ಎಷ್ಟು ತಪ್ಪಿತ್ತು ಎಂಬುದರಿಂದಲೇ ಅಗಲ ತೆಗೆಯಬೇಕು.

ಕೊನೆ ಭಾಗದ ಗದ್ದೆಯವರು ನೋಡಬೇಕಾದ್ದು ಕೆಳಅಂಚು. ಸಂಗ್ರಹ ಅಷ್ಟಕ್ಕೇ ನಿಂತರೂ ತಮ್ಮ ತೂಬಿಗೆ ನೀರು ಮುಟ್ಟುತ್ತದೆ ಎನ್ನುವವರು ಸಸಿ ಹಾಕಲಿ. ಉಳಿದವರು ವಾರ ತಡೆದು, A1 ಬದಲಿಸಿದ ಹೊಸ ಪಟ ನೋಡಲಿ.