ಮೊಣಕೈ ನೋವಿಗೆ ಮೊದಲು ತಂತಿ ಬದಲಿಸಿ

"ಟೆನಿಸ್ ರ‍್ಯಾಕೆಟ್‌ಗೆ ಪಾಲಿಯೆಸ್ಟರ್ ತಂತಿ 56 ಪೌಂಡ್ ಬಿಗಿತಕ್ಕೆ ಹಾಕಿಸಿದ ಮೇಲೆ ಒಂಟಿ ಕೈ ಬ್ಯಾಕ್‌ಹ್ಯಾಂಡ್ ಹೊಡೆದರೆ ಮೊಣಕೈ ಹೊರಬದಿ ನೋಯುತ್ತೆ. ಏನ್ ಮಾಡ್ಲಿ?"

ನನ್ನ ಅನುಮಾನ ತಂತಿಯ ಮೇಲೆಯೇ. ಪಾಲಿಯೆಸ್ಟರ್ ಗಡಸು, ಚೆಂಡಿನ ಏಟು ಜಾಸ್ತಿ ಕೈಗೆ ಬರುತ್ತದೆ. ಹರಿಯಲಿ ಅಂತ ಕಾಯಬೇಡಿ. ಕತ್ತರಿಸಿ, ಅನೇಕ ಸಣ್ಣ ಎಳೆ ಸೇರಿಸಿ ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ತಂತಿಯನ್ನು 50 ಪೌಂಡ್ ಆಸುಪಾಸಿಗೆ ಹಾಕಿಸಿ. ಸ್ಪಿನ್ ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೇ.

ಆಮೇಲೆ ಗ್ರಿಪ್. ರ‍್ಯಾಕೆಟ್ ಹಿಡಿದಾಗ ಉಂಗುರ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರಬೇಕು. ಜಾಗವಿಲ್ಲದಿದ್ದರೆ ಗ್ರಿಪ್ ಸಣ್ಣದು, ಒಂದು ಓವರ್‌ಗ್ರಿಪ್ ಸುತ್ತಿ.

ನಿಮ್ಮ ಹೊಡೆತ ನೋಡದೆ ಖಚಿತವಾಗಿ ಹೇಳಲಾರೆ. ಪಕ್ಕದಿಂದ ವಿಡಿಯೊ ಮಾಡಿಸಿ. ಚೆಂಡು ತಾಗುವಾಗ ಮೊಣಕೈ ಮುಂದಿದ್ದು ಮಣಿಕಟ್ಟು ಒಳಕ್ಕೆ ಬಾಗಿದ್ದರೆ ಭಾರವೆಲ್ಲ ಮುಂಗೈ ಸ್ನಾಯುವಿಗೆ ಬೀಳುತ್ತದೆ. ಭುಜ ಬೇಗ ತಿರುಗಿಸಿ, ಮಣಿಕಟ್ಟು ಗಟ್ಟಿಯಾಗಿಟ್ಟು, ಚೆಂಡನ್ನು ಮುಂಗಾಲಿಗಿಂತ ಮುಂದೆಯೇ ಹೊಡೆಯಿರಿ. ಕಾಫಿ ಲೋಟ ಎತ್ತಿದರೂ ನೋಯುತ್ತಿದ್ದರೆ ಆಟ ನಿಲ್ಲಿಸಿ, ಫಿಸಿಯೋಗೆ ತೋರಿಸಿ.