ಡಿಕ್ಯಾಫ್: ಮನೆಯಲ್ಲಿ ನೆನೆಸಿದರೆ ಸಾಲದೇ?

‘ನಮ್ಮ ತೋಟದ ಅರೇಬಿಕಾವನ್ನೇ ಮನೆಗೆ ಹುರಿಸುತ್ತೇವೆ. ಅಪ್ಪನಿಗೆ ಡಾಕ್ಟರು ಡಿಕ್ಯಾಫ್ ಕುಡಿಯಲು ಹೇಳಿದ್ದಾರೆ. ಹುರಿಯುವ ಮುಂಚೆ ಬೀಜವನ್ನು ಬಿಸಿನೀರಲ್ಲಿ ನೆನೆಸಿ ಬಸಿದರೆ ಕೆಫೀನ್ ಹೋಗುವುದಿಲ್ಲವೇ? ಅಂಗಡಿಯ ಡಿಕ್ಯಾಫ್‌ನಲ್ಲಿ ಕೆಫೀನ್ ಪೂರ್ತಿ ಸೊನ್ನೆಯೇ?’
– ಓದುಗರೊಬ್ಬರು, ಮೂಡಿಗೆರೆ

ಹೋಗುತ್ತದೆ, ಆದರೆ ಒಂಟಿಯಾಗಿ ಹೋಗುವುದಿಲ್ಲ. ಹುರಿದಾಗ ಪರಿಮಳವಾಗಿ ಅರಳಬೇಕಾದ ಸಕ್ಕರೆ, ಆಮ್ಲಗಳೂ ಅದೇ ನೀರಿಗೆ ಇಳಿದುಬಿಡುತ್ತವೆ. ಉಳಿಯುವುದು ಸಪ್ಪೆ ಬೀಜ. ಸಾಲದ್ದಕ್ಕೆ, ನೆನೆದ ಬೀಜವನ್ನು ಮಲೆನಾಡಿನ ತೇವದಲ್ಲಿ ಬೇಗ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ದಯವಿಟ್ಟು ಈ ಪ್ರಯೋಗ ಬೇಡ.

ರುಚಿಯನ್ನು ಬಿಟ್ಟು ಕೆಫೀನನ್ನಷ್ಟೇ ತೆಗೆಯುವುದು ಹೇಗೆ ಎಂಬುದೇ ಇಲ್ಲಿನ ಕಷ್ಟ. ಸ್ವಿಸ್ ವಾಟರ್ ವಿಧಾನ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸುತ್ತದೆ. ಮೊದಲ ಕಂತಿನ ಹಸಿರು ಬೀಜವನ್ನು ಬಿಸಿನೀರಲ್ಲಿ ನೆನೆಸಿ, ಸಾರವೆಲ್ಲ ಇಳಿದ ಮೇಲೆ ಬೀಜವನ್ನು ಎಸೆಯುತ್ತಾರೆ. ಆ ನೀರನ್ನು ಇದ್ದಿಲಿನ ಸೋಸುಕದಲ್ಲಿ ಹಾಯಿಸಿದರೆ ಕೆಫೀನ್ ಇದ್ದಿಲಿಗೆ ಅಂಟಿ, ರುಚಿಯ ಅಂಶಗಳು ನೀರಿನಲ್ಲೇ ಉಳಿಯುತ್ತವೆ. ಈಗ ಎರಡನೇ ಕಂತಿನ ಬೀಜವನ್ನು ಈ ನೀರಿಗೆ ಹಾಕುತ್ತಾರೆ. ಬೀಜದೊಳಗೂ ನೀರಿನಲ್ಲೂ ರುಚಿಯ ಸಾರ ಸಮನಾಗಿರುವುದರಿಂದ ಅದು ಹೊರಬರುವುದಿಲ್ಲ. ನೀರಿನಲ್ಲಿ ಇಲ್ಲದ ಕೆಫೀನ್ ಮಾತ್ರ ಹೊರಬರುತ್ತದೆ. ಇದ್ದಿಲಿನಲ್ಲಿ ಮತ್ತೆ ಮತ್ತೆ ಸೋಸುತ್ತಾ ಸುಮಾರು ಎಂಟು–ಹತ್ತು ಗಂಟೆ ಇದು ನಡೆಯುತ್ತದೆ.

ದ್ರಾವಕದ ವಿಧಾನದಲ್ಲಿ ಬೀಜವನ್ನು ಹಬೆಯಲ್ಲಿ ಉಬ್ಬಿಸಿ, ಡೈಕ್ಲೋರೋಮೀಥೇನ್ ಅಥವಾ ಈಥೈಲ್ ಅಸಿಟೇಟ್‌ನಿಂದ ಹಲವು ಸಲ ತೊಳೆದು, ಮತ್ತೆ ಹಬೆ ಕೊಡುತ್ತಾರೆ. ‘ರಾಸಾಯನಿಕ’ ಎಂದು ಹೆದರುವವರಿಗೆ ಒಂದು ಮಾತು: ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಹುರಿಯುವ ಶಾಖ 200 ಡಿಗ್ರಿ ದಾಟುತ್ತದೆ. ಹುರಿದ ಕಾಫಿಯಲ್ಲಿ ಅದು ಕಿಲೋಗೆ 2 ಮಿಲಿಗ್ರಾಂ ಮೀರಬಾರದೆಂಬುದು ಯುರೋಪಿನ ನಿಯಮ. ಮೂರನೆಯದು, ಭಾರಿ ಒತ್ತಡದ ಕಾರ್ಬನ್ ಡೈಆಕ್ಸೈಡ್. 1960ರ ದಶಕದಲ್ಲಿ ಜರ್ಮನಿಯ ಕುರ್ಟ್ ಝೋಸೆಲ್ ಕಂಡುಹಿಡಿದದ್ದು. ರುಚಿ ಚೆನ್ನಾಗಿ ಉಳಿಯುತ್ತದೆ, ಯಂತ್ರ ದುಬಾರಿ.

ಇನ್ನು ಸೊನ್ನೆಯ ಮಾತು. ಸೊನ್ನೆಯಲ್ಲ. ಯುರೋಪಿನಲ್ಲಿ ಹುರಿದ ಡಿಕ್ಯಾಫ್‌ನ ಒಣತೂಕದಲ್ಲಿ ಕೆಫೀನ್ ಶೇ 0.1ರ ಒಳಗಿರಬೇಕು. ನಿಮ್ಮ ಅರೇಬಿಕಾದಲ್ಲಿ ಅದು ಸುಮಾರು ಶೇ 1.2. ಒಂದು ಲೋಟಕ್ಕೆ 10 ಗ್ರಾಂ ಪುಡಿಯ ಡಿಕಾಕ್ಷನ್ ಎಂದುಕೊಳ್ಳಿ: ಪುಡಿಯಲ್ಲಿರುವ ಕೆಫೀನ್ ಮಾಮೂಲಿ ಕಾಫಿಯಾದರೆ 120 ಮಿಲಿಗ್ರಾಂ, ಡಿಕ್ಯಾಫ್ ಆದರೆ ಹೆಚ್ಚೆಂದರೆ 10. ತಂದೆಯವರು ದಿನಕ್ಕೆ ಮೂರು ಲೋಟ ಡಿಕ್ಯಾಫ್ ಕುಡಿದರೂ ಮಾಮೂಲಿ ಒಂದು ಲೋಟದ ಕಾಲು ಭಾಗ. ಡಾಕ್ಟರು ಹೇಳಿದ್ದು ‘ಕಡಿಮೆ ಮಾಡಿ’ ಎಂದೋ ‘ಪೂರ್ತಿ ಬಿಡಿ’ ಎಂದೋ ಒಮ್ಮೆ ವಿಚಾರಿಸಿ. ಪೂರ್ತಿ ಬಿಡಬೇಕಾದವರಿಗೆ ಡಿಕ್ಯಾಫ್ ಆಗಿಬರುವುದಿಲ್ಲ.

ಡಿಕ್ಯಾಫ್ ಮಾಡಿದ ಹಸಿ ಬೀಜ ಸಿಕ್ಕಿ ಮನೆಯಲ್ಲೇ ಹುರಿಯುವುದಾದರೆ ಬಣ್ಣ ನೋಡಿ ಇಳಿಸಬೇಡಿ. ಅದು ಹುರಿಯುವ ಮೊದಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬಾಣಲೆಯಲ್ಲಿ ಬೇಗ ಕಪ್ಪಾದಂತೆ ಕಾಣುತ್ತದೆ, ಒಳಗೆ ಮಾತ್ರ ಹಸಿ. ಒಂದು ಬೀಜ ಒಡೆದು ಒಳಗಿನ ಬಣ್ಣ ನೋಡಿ, ಮೂಗಿಗೆ ಬರುವ ವಾಸನೆಯನ್ನು ನಂಬಿ.

– ಸಂ.