ಫೋನ್ ಸುತ್ತಿನಲ್ಲೇ ನಿಲ್ಲುತ್ತಿದ್ದ ಅರ್ಜಿ: ಶ್ರವಣದೋಷವನ್ನು ಪತ್ರದಲ್ಲಿ ಬರೆಯಬೇಕೇ?

ಕೆಲಸದ ಅರ್ಜಿಯಲ್ಲಿ ತಮ್ಮ ಅಂಗವೈಕಲ್ಯವನ್ನೋ ಕಾಯಿಲೆಯನ್ನೋ ಹೇಳಬೇಕೇ ಎಂದು ನನ್ನ ಬಳಿ ಸಲಹೆ ಕೇಳಿಕೊಂಡು ಬರುವವರಿಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ಮೊದಲೇ ಸಿಕ್ಕಿರುತ್ತವೆ. ಮನೆಯ ಹಿರಿಯರು "ಎಲ್ಲಾ ಹೇಳಿಬಿಡು, ಆಮೇಲೆ ಮೋಸ ಮಾಡಿದೆ ಅನ್ನಬಾರದು" ಎನ್ನುತ್ತಾರೆ. ಗೆಳೆಯರು "ಆಫರ್ ಲೆಟರ್ ಕೈಗೆ ಬರೋವರೆಗೂ ಬಾಯಿ ಬಿಡಬೇಡ" ಎನ್ನುತ್ತಾರೆ. ಎರಡೂ ಕೆಲವರಿಗೆ ಸರಿ, ಕೆಲವರಿಗೆ ತಪ್ಪು. ಪದೇ ಪದೇ ಬರುವ ಪ್ರಶ್ನೆಯಾದ್ದರಿಂದ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈಕೆ ಬಿ.ಕಾಂ. ಪದವೀಧರೆ. ಊರಲ್ಲಿ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಎರಡು ವರ್ಷ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸ ಮಾಡಿ, ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದರು. ಎರಡೂ ಕಿವಿಯಲ್ಲಿ ಸುಮಾರು 65 ಡೆಸಿಬೆಲ್ ನಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಎರಡೂ ಕಿವಿಗಳಿಗೆ 60ರಿಂದ 70 ಡೆಸಿಬೆಲ್ ನಷ್ಟವಿದ್ದವರನ್ನು ಮಂದಶ್ರವಣದವರೆಂದೂ, 70 ದಾಟಿದವರನ್ನು ಕಿವುಡರೆಂದೂ ವಿಂಗಡಿಸಿದ್ದಾರೆ. ಈಕೆ ಮೊದಲನೆಯ ಗುಂಪಿನವರು. ಶ್ರವಣಯಂತ್ರ ಹಾಕಿಕೊಂಡು ಎದುರು ಕೂತರೆ ಮಾತುಕತೆ ಸರಾಗ. ಕೂದಲು ಬಿಟ್ಟರೆ ಯಂತ್ರ ಕಾಣುವುದೂ ಇಲ್ಲ.

ಮೊದಲ ಸಲ ಬಂದಾಗ ಎರಡು ಪತ್ರ ತಂದಿದ್ದರು. ತಂದೆ ಬರೆಸಿದ ಪತ್ರ "ನಾನು ಶ್ರವಣದೋಷವುಳ್ಳ ಬಡ ಅಭ್ಯರ್ಥಿಯಾಗಿದ್ದು, ದಯಮಾಡಿ ಒಂದು ಅವಕಾಶ ಕೊಟ್ಟು…" ಎಂದು ಶುರುವಾಗಿ, ಎರಡನೇ ವಯಸ್ಸಿನಲ್ಲಿ ಬಂದ ಜ್ವರದ ಕಥೆ ಹೇಳಿ, ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿಯನ್ನೂ ಲಗತ್ತಿಸಿತ್ತು. ಟ್ಯಾಲಿಯ ಹೆಸರು ಬರುವುದು ಕೊನೆಯ ಸಾಲಿನಲ್ಲಿ. ಅಕ್ಕ ತಿದ್ದಿದ ಎರಡನೇ ಪತ್ರದಲ್ಲಿ ಕಿವಿಯ ಸುದ್ದಿಯೇ ಇಲ್ಲ. ಆರು ತಿಂಗಳಿಂದ ಹೋಗುತ್ತಿದ್ದದ್ದು ಇದೇ. ಅದಕ್ಕೆ ಕರೆಗಳು ಬರುತ್ತಿದ್ದವು, ಕರೆಯ ನಂತರ ಏನೂ ಬರುತ್ತಿರಲಿಲ್ಲ.

ಎರಡನೇ ಭೇಟಿಯಲ್ಲಿ ಆ ಕರೆಗಳನ್ನೇ ಬಿಡಿಸಿ ಕೇಳಿದೆ. ಯಾರು ಮಾಡುತ್ತಾರೆ, ಏನು ಕೇಳುತ್ತಾರೆ, ನೀವೇನು ಹೇಳುತ್ತೀರಿ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೇಡಂ, ಅವ್ರು ಏನ್ ಕೇಳಿದ್ರು ಅಂತ ಗೊತ್ತಾಗ್ದೇ ಇದ್ರೆ ನೆಟ್‌ವರ್ಕ್ ಸರಿ ಇಲ್ಲ ಅಂತೀನಿ. ಎರಡು ಸಲ ಅಂದ್ಮೇಲೆ ಅವ್ರೇ ಇಟ್ಬಿಡ್ತಾರೆ. ಒಂದ್ಸಲ ಸಂಬಳ ಎಷ್ಟು ನಿರೀಕ್ಷೆ ಅಂತ ಕೇಳಿದ್ದಕ್ಕೆ ಮೂವತ್ತು ದಿನ ಅಂದ್ಬಿಟ್ಟೆ. ನೋಟಿಸ್ ಪೀರಿಯಡ್ ಕೇಳಿದ್ರು ಅನ್ಕೊಂಡಿದ್ದೆ."

ಅಲ್ಲಿಗೆ "ಹೇಳಬೇಕೋ ಮುಚ್ಚಿಡಬೇಕೋ" ಎಂಬ ಪ್ರಶ್ನೆಯೇ ಬದಲಾಯಿತು. ಅಕ್ಕನ ಪತ್ರ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಕಿವಿ ಮಂದ ಎನ್ನುವ ಸಂಗತಿ ಮೊದಲ ಕರೆಯಲ್ಲೇ ಹೊರಬೀಳುತ್ತಿತ್ತು, ಆದರೆ ಬೇರೆ ವೇಷದಲ್ಲಿ: ಪ್ರಶ್ನೆ ಅರ್ಥವಾಗದವಳು, ಇಂಗ್ಲಿಷ್ ಬಾರದವಳು, ಆಸಕ್ತಿಯಿಲ್ಲದವಳು. ಕರೆ ಮಾಡಿದ ಎಚ್‌ಆರ್ ಹುಡುಗಿ ತನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದು "ಸಂವಹನ ಸಾಲದು" ಎಂದೇ ಇದ್ದೀತು. ಅವಳನ್ನು ದೂರುವಂತಿಲ್ಲ, ಅವಳಿಗೆ ಬೇರೆ ಕಾರಣ ಗೊತ್ತಿರಲಿಲ್ಲ.

ಎದುರು ಸರಾಗವಾಗಿ ಮಾತಾಡುವವರು ಫೋನಿನಲ್ಲಿ ಏಕೆ ಸೋಲುತ್ತಾರೆ ಎಂಬುದು ಮನೆಯವರಿಗೂ ಅರ್ಥವಾಗಿರುವುದಿಲ್ಲ. ಸಾಂಪ್ರದಾಯಿಕ ಫೋನ್ ಕರೆ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ. ಸ, ಫ ಮುಂತಾದ ಸದ್ದುಗಳ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ಬಹಳಷ್ಟು ಜನರ ಶ್ರವಣನಷ್ಟವೂ ಅಲ್ಲೇ ಹೆಚ್ಚು. ತುಟಿಯೂ ಕಾಣುವುದಿಲ್ಲ. ಜೊತೆಗೆ ಗೊತ್ತಿಲ್ಲದ ದನಿ, ಕಾಲ್ ಸೆಂಟರಿನಂಥ ಗದ್ದಲ, ಯಾವ ಪ್ರಶ್ನೆ ಬರುತ್ತದೆಂಬ ಸುಳಿವೂ ಇಲ್ಲ. ಫಿಫ್ಟೀನ್ ಎಂದರೋ ಫಿಫ್ಟಿ ಎಂದರೋ ಊಹಿಸಿಯೇ ಉತ್ತರಿಸಬೇಕು.

ಹಾಗಾಗಿ ಪತ್ರದಲ್ಲಿ ಬರೆಯಿರಿ ಎಂದೆ. ಪ್ರಾಮಾಣಿಕತೆಯ ಪಾಠ ಹೇಳಲು ಹಾಗೆಂದಿದ್ದಲ್ಲ. ಆಯ್ಕೆಯ ಮೊದಲ ಮೆಟ್ಟಿಲಲ್ಲೇ ಒಂದು ಮಾರ್ಪಾಡು ಬೇಕಿತ್ತು, ಕೇಳದೆ ಅದು ಸಿಗುವುದಿಲ್ಲ. ನಾನು ನೋಡುವ ಮೊದಲ ಒರೆಗಲ್ಲು ಇದೇ: ಅರ್ಜಿ ಹಾಕಿದ ದಿನದಿಂದ ಆಫರ್ ಬರುವವರೆಗಿನ ಹಾದಿಯಲ್ಲಿ ಏನಾದರೂ ಬದಲಾಗಬೇಕೇ? ಬದಲಾಗಬೇಕಿದ್ದರೆ ಪತ್ರದಲ್ಲಿ ಹೇಳಿ. ಬೇಕಿಲ್ಲದಿದ್ದರೆ ಪತ್ರ ಅದರ ಜಾಗವಲ್ಲ.

ಆ ದಿನವೇ ಕೂತು ಬರೆದೆವು. ಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಅದರ ಒಕ್ಕಣೆ ಹೀಗೆ:

"ನನಗೆ ಶ್ರವಣದೋಷವಿದ್ದು ಎರಡೂ ಕಿವಿಗೆ ಶ್ರವಣಯಂತ್ರ ಬಳಸುತ್ತೇನೆ. ನೇರ ಭೇಟಿಯಲ್ಲೂ ವಿಡಿಯೋ ಕರೆಯಲ್ಲೂ ಮಾತುಕತೆ ಸುಲಭ, ಫೋನ್ ಕರೆಯಲ್ಲಿ ಮಾತ್ರ ಸ್ಪಷ್ಟವಾಗಿ ಕೇಳುವುದಿಲ್ಲ. ಆದ್ದರಿಂದ ಮೊದಲ ಸುತ್ತನ್ನು ಕ್ಯಾಪ್ಷನ್ ಇರುವ ವಿಡಿಯೋ ಕರೆಯಲ್ಲಿ ಅಥವಾ ಕಚೇರಿಯಲ್ಲಿ ನಡೆಸಬೇಕೆಂದು ಕೋರುತ್ತೇನೆ. ಇಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶಕ್ಕೆ ಅದೇ ದಿನ ಉತ್ತರಿಸುತ್ತೇನೆ."

ನಾಲ್ಕೇ ವಾಕ್ಯ. ಇದ್ದದ್ದೇನು, ಯಾವುದು ಸಲೀಸು ಯಾವುದು ಕಷ್ಟ, ಈಗ ಏನು ಬೇಕು. ಕೊನೆಯದಿಲ್ಲದೆ ಮೊದಲನೆಯದನ್ನಷ್ಟೇ ಬರೆದರೆ ಓದುವವರು ಬಾಕಿಯನ್ನು ತಾವೇ ಊಹಿಸಿಕೊಳ್ಳುತ್ತಾರೆ, ಊಹೆ ಯಾವಾಗಲೂ ಇದ್ದದ್ದಕ್ಕಿಂತ ದೊಡ್ಡದಾಗಿರುತ್ತದೆ. ಜ್ವರದ ಕಥೆ, ಡೆಸಿಬೆಲ್ಲು, ಅಂಗವೈಕಲ್ಯದ ಶೇಕಡಾವಾರು, ಪ್ರಮಾಣಪತ್ರ ಎಲ್ಲವನ್ನೂ ತೆಗೆದೆವು. ಕೇಳಿದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಕಳಿಸಬಹುದು. ಶೇಕಡಾವಾರು ಮೀಸಲಾತಿ, ಸೌಲಭ್ಯಗಳ ಲೆಕ್ಕಕ್ಕೆ ಬೇಕಾದದ್ದು. ಅದನ್ನು ಓದಿದ ಮ್ಯಾನೇಜರು "ಅಂದರೆ ಅರ್ಧ ಕೆಲಸವೇ?" ಎಂದು ತಪ್ಪಾಗಿ ತಿಳಿಯುವ ಸಂಭವವೇ ಹೆಚ್ಚು.

ಈ ನಾಲ್ಕು ವಾಕ್ಯ ಎಲ್ಲಿ ಕೂರಬೇಕು ಎಂಬುದಕ್ಕೂ ಸಮಯ ಕೊಟ್ಟೆವು. ವಿಷಯದ ಸಾಲಿನಲ್ಲಿ ಬೇಡ, ಮೊದಲ ಪ್ಯಾರಾದಲ್ಲೂ ಬೇಡ. ಮೊದಲು ಕೆಲಸ: ಪ್ರತಿ ತಿಂಗಳು ಖರೀದಿ ಪುಸ್ತಕವನ್ನು, ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಜಾಲತಾಣದಲ್ಲಿ ತಯಾರಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ನೋಡಿ, ಹೊಂದದ ಬಿಲ್ಲುಗಳ ಪಟ್ಟಿ ಮಾಡಿ, ಪೂರೈಕೆದಾರರಿಂದ ಸರಿಪಡಿಸಿಕೊಂಡದ್ದು. ಅದಾದ ಮೇಲೆ, ಸಂಪರ್ಕದ ವಿವರಕ್ಕೆ ಅಂಟಿಕೊಂಡಂತೆ ಈ ಪ್ಯಾರಾ. ಅಲ್ಲಿದ್ದರೆ ಅದು ಸಂದರ್ಶನದ ಏರ್ಪಾಡಿನ ಮಾತಾಗಿ ಓದಿಸಿಕೊಳ್ಳುತ್ತದೆ. ರೆಸ್ಯೂಮೆಯಲ್ಲಿ ಫೋನ್ ನಂಬರಿನ ಪಕ್ಕ "ಸಂದೇಶ ಮಾತ್ರ" ಎಂದು ಸೇರಿಸಿದೆವು. ಪತ್ರವನ್ನು ಓದದೆ ರೆಸ್ಯೂಮೆ ನೋಡಿಯೇ ಕರೆ ಮಾಡುವವರು ಬಹಳ ಜನ.

ಪೂರೈಕೆದಾರರ ವಿಚಾರದಲ್ಲಿ ಆಕೆಗೇ ಹೊಳೆಯದ ಒಂದು ಅಂಶವಿತ್ತು. ಹಳೆಯ ಕಚೇರಿಯಲ್ಲಿ ಬೇರೆಯವರು ಫೋನಿನಲ್ಲಿ ಮಾಡುತ್ತಿದ್ದ ವಿಚಾರಣೆಯನ್ನು ಈಕೆ ಇಮೇಲ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಮಾಡಿದ್ದರು. ಯಾವ ಬಿಲ್ಲು, ಯಾವ ದಿನ ಕೇಳಿದ್ದು, ಏನು ಉತ್ತರ ಬಂತು ಎಲ್ಲ ಬರಹದಲ್ಲಿತ್ತು. ಅದನ್ನು ಕೆಲಸದ ಪ್ಯಾರಾದಲ್ಲೇ ಹಾಕಿದೆವು, ಕಿವಿಯ ಪ್ಯಾರಾದಲ್ಲಿ ಅಲ್ಲ. ಜಾಹೀರಾತಿನಲ್ಲಿ "ಬಾಕಿ ವಸೂಲಿ ಕರೆ" ಮುಖ್ಯ ಕೆಲಸವಾಗಿದ್ದ ಹುದ್ದೆಗಳನ್ನು ಕೈಬಿಡಲು ಹೇಳಿದೆ. ಇದಕ್ಕೆ ಆಕೆಯ ಅಕ್ಕ ಬೇಸರಪಟ್ಟರು. ಆದರೆ ಕೆಲಸದ ತಿರುಳೇ ಫೋನ್ ಆಗಿದ್ದಾಗ ನಾಲ್ಕು ವಾಕ್ಯಗಳಿಂದ ಆಗುವುದೇನೂ ಇಲ್ಲ.

ಈ ಸಲಹೆಯನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. "ಹೇಳಿದ ಕೂಡಲೇ ಅರ್ಜಿ ಬದಿಗೆ ಹೋಗುತ್ತದೆ, ಯಾಕೆಂದು ಯಾರೂ ತಿಳಿಸುವುದಿಲ್ಲ" ಎನ್ನುತ್ತಾರೆ. ನಿಜ, ಹೋಗುತ್ತದೆ. 2016ರ ಕಾಯ್ದೆಯ 3ನೇ ಕಲಂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುತ್ತದೆ, ಆದರೆ ಬಾರದ ಕರೆಯನ್ನು ಯಾರು ಸಾಬೀತು ಮಾಡುತ್ತಾರೆ? ನನ್ನ ಲೆಕ್ಕ ಇಷ್ಟೇ: ಈಕೆಯ ಪಾಲಿಗೆ ಸುಮ್ಮನಿರುವುದಕ್ಕೂ ಅಷ್ಟೇ ನಷ್ಟವಿತ್ತು, ಜೊತೆಗೆ ಪ್ರತಿ ಕರೆಗೂ ಒಂದು ಸುಳ್ಳು. ಹೇಳಿದರೆ ಕೆಲವರಾದರೂ ಸರಿಯಾದ ಕಾರಣಕ್ಕೆ ಸರಿಯಾದ ದಾರಿ ತೆರೆಯುತ್ತಾರೆ.

ಯಾರು ತೆರೆಯಬಹುದೆಂದು ಮೊದಲೇ ಅಂದಾಜು ಮಾಡಲು ಒಂದು ದಾರಿಯಿದೆ. ಅದೇ ಕಾಯ್ದೆಯ 21ನೇ ಕಲಂ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆನ್ನುತ್ತದೆ. 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯ ನೀತಿಯಲ್ಲಿ ವಿಕಲಚೇತನರ ನೇಮಕಾತಿ ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ವಿಷಯವೂ ಇರಬೇಕು. ಕಂಪನಿಯ ಜಾಲತಾಣದಲ್ಲಿ ಆ ನೀತಿಯನ್ನು ಹುಡುಕಿ, ಸಿಕ್ಕರೆ ಆ ಅಧಿಕಾರಿಗೂ ಪತ್ರದ ಪ್ರತಿ ಕಳಿಸಿ ಎಂದೆ. ನೀತಿ ಸಿಗದ ಕಂಪನಿಗೆ ಅರ್ಜಿ ಹಾಕಬಾರದೆಂದಲ್ಲ, ಸಣ್ಣ ಕಚೇರಿಗಳಲ್ಲಿ ಅದು ಕಾಣುವುದೇ ಅಪರೂಪ.

ಇದೇ ಅಳತೆಗೋಲು ಇಟ್ಟರೂ ಬೇರೆಯವರಿಗೆ ನಾನು ಕೊಡುವ ಉತ್ತರ ತಿರುಗಮುರುಗ ಆಗುತ್ತದೆ. ಮಾತ್ರೆಯಿಂದ ಹತೋಟಿಯಲ್ಲಿರುವ ಮೂರ್ಛೆರೋಗದ ಯುವಕನೊಬ್ಬ ಕಂಪ್ಯೂಟರ್ ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಪತ್ರದಲ್ಲಿ ಒಂದಕ್ಷರವೂ ಬೇಡ ಎಂದೆ. ಸಂದರ್ಶನದಲ್ಲಿ ಏನೂ ಬದಲಾಗಬೇಕಿಲ್ಲ. ಆದರೆ ನಿದ್ದೆಗೆಡುವುದು ಫಿಟ್ಸ್ ಬರಲು ಕಾರಣವಾಗಬಲ್ಲದು, ಹಾಗಾಗಿ ಆಫರ್ ಬಂದ ಮೇಲೆ, ಸೇರುವ ಮೊದಲು, ರಾತ್ರಿ ಪಾಳಿ ಬೇಡವೆಂದು ಬರಹದಲ್ಲಿ ಕೇಳಬೇಕು. ವೈದ್ಯರ ಚೀಟಿಯಲ್ಲಿ "ರಾತ್ರಿ ಪಾಳಿ ಸೂಕ್ತವಲ್ಲ" ಎಂದಿದ್ದರೆ ಸಾಕು, ರೋಗದ ಹೆಸರು ಬೇಕಿಲ್ಲ. ಅದೇ ಯುವಕ ಚಾಲಕನ ಕೆಲಸಕ್ಕೆ ಹೋಗುವಂತಿಲ್ಲ. ಚಾಲನಾ ಪರವಾನಗಿಯ ನಮೂನೆ 1ರಲ್ಲೇ ಮೂರ್ಛೆಯ ಬಗ್ಗೆ ನೇರ ಪ್ರಶ್ನೆಯಿದೆ. ಕೇಳದ್ದನ್ನು ಹೇಳದಿರುವುದು ಬೇರೆ, ನಮೂನೆಯಲ್ಲಿ ಕೇಳಿದ್ದಕ್ಕೆ "ಇಲ್ಲ" ಎಂದು ಗುರುತು ಹಾಕುವುದು ಬೇರೆ. ಎರಡನೆಯದು ಗೊತ್ತಾದ ದಿನ ಕೆಲಸ ಹೋಗಬಹುದು.

ಸರ್ಕಾರಿ ನೇಮಕಾತಿಗೆ ಇದ್ಯಾವುದೂ ಅನ್ವಯಿಸದು. ಅಲ್ಲಿ ಮೀಸಲಾತಿಯನ್ನೂ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವು, ಹೆಚ್ಚುವರಿ ಸಮಯವನ್ನೂ ಅರ್ಜಿಯ ನಮೂನೆಯಲ್ಲೇ ಕೋರಬೇಕು. ಪತ್ರದ ನಯ ಅಲ್ಲಿ ಕೆಲಸಕ್ಕೆ ಬಾರದು, ಬಿಟ್ಟ ಕಾಲಂ ಬಿಟ್ಟದ್ದೇ.

ಹೊಸ ಪತ್ರ ಹೋದ ಮೇಲೆ ಉತ್ತರಗಳ ಸಂಖ್ಯೆ ಇಳಿಯಿತು. ಬಂದವು ಮಾತ್ರ ವಿಡಿಯೋ ಲಿಂಕ್ ಸಮೇತ ಬಂದವು. ಆ ಕರೆಗೂ ಸಿದ್ಧತೆ ಬೇಕಿತ್ತು: ಕನ್ನಡ-ಇಂಗ್ಲಿಷ್ ಬೆರೆತ ಮಾತಿನಲ್ಲಿ ಕ್ಯಾಪ್ಷನ್ ಎಡವುತ್ತದೆ, ಹೆಸರು ಮತ್ತು ಅಂಕಿಗಳಲ್ಲಿ ಇನ್ನೂ ಹೆಚ್ಚು. ಅದಕ್ಕೆ ಆರಂಭದಲ್ಲೇ "ಮೊತ್ತ, ದಿನಾಂಕಗಳನ್ನು ಚಾಟ್‌ನಲ್ಲಿ ಬರೆಯುತ್ತೀರಾ?" ಎಂದು ಕೇಳುವುದನ್ನು ಅಭ್ಯಾಸ ಮಾಡಿದರು. ಪತ್ರ ಓದಿಯೂ ಫೋನ್ ಮಾಡುವವರು ಇದ್ದೇ ಇದ್ದರು. ಅವರಿಗೆ ಕರೆ ಎತ್ತದೆ ಕಳಿಸಲು ಮೊಬೈಲಿನಲ್ಲಿ ಒಂದು ಸಂದೇಶವನ್ನು ಉಳಿಸಿಟ್ಟುಕೊಂಡರು: "ನಿಮ್ಮ ಕರೆ ನೋಡಿದೆ. ಶ್ರವಣದೋಷದಿಂದ ಫೋನಿನಲ್ಲಿ ಸ್ಪಷ್ಟವಾಗಿ ಕೇಳುವುದಿಲ್ಲ. ಇಂದು ನಾಲ್ಕರ ನಂತರ ಅಥವಾ ನಾಳೆ ಬೆಳಗ್ಗೆ ವಿಡಿಯೋ ಕರೆಗೆ ಸಿದ್ಧಳಿದ್ದೇನೆ, ಲಿಂಕ್ ಕಳಿಸುವಿರಾ?" ಈಗ ಆಕೆ ಕೆಲಸ ಮಾಡುತ್ತಿರುವ ಕಂಪನಿ ಹೀಗೆ ಮೊದಲು ಫೋನ್ ಮಾಡಿ, ಈ ಸಂದೇಶ ಓದಿ, ಆಮೇಲೆ ಲಿಂಕ್ ಕಳಿಸಿದ್ದು.